'ನೋಡ್ವ' ಅಂದವರ ಲೆಕ್ಕ: ಕುಮಟಾದಲ್ಲಿ ನಡೆದ ಒಂದು ಡೀಲರ್ ಸಭೆಯ ಪ್ರಕರಣ

(ಸಂಸ್ಥೆ, ಸಭಾಭವನ ಮತ್ತು ವ್ಯಕ್ತಿಗಳ ಹೆಸರುಗಳನ್ನು ಕೈಬಿಡಲಾಗಿದೆ.)

ಹಿನ್ನೆಲೆ

ಶಿರಸಿಯ ಒಂದು ಸಗಟು ವಿತರಣಾ ಸಂಸ್ಥೆ ಅಡಿಕೆ ತೋಟಕ್ಕೆ ಬೇಕಾದ ಪಿವಿಸಿ ಪೈಪು, ಸ್ಪ್ರಿಂಕ್ಲರ್, ಪಂಪ್‌ಸೆಟ್, ಔಷಧಿ ಹೊಡೆಯುವ ಪಂಪು ಮತ್ತು ಕೊಳೆ ರೋಗದ ಔಷಧಿಗೆ ಬೇಕಾದ ಮೈಲುತುತ್ತವನ್ನು ಉತ್ತರ ಕನ್ನಡ ಜಿಲ್ಲೆಯ ಅಂಗಡಿಗಳಿಗೆ ಕೊಡುತ್ತದೆ. ಪುಸ್ತಕದಲ್ಲಿದ್ದ ಅಂಗಡಿಗಳು 86. ಅರ್ಧಕ್ಕಿಂತ ಹೆಚ್ಚು ಘಟ್ಟದ ಮೇಲೆ, ಅಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ದಾಂಡೇಲಿ, ಜೋಯಿಡಾ ಕಡೆ. ಉಳಿದವು ಕಾರವಾರದಿಂದ ಭಟ್ಕಳದವರೆಗೆ ಕರಾವಳಿಯಲ್ಲಿ.

ಈ ವ್ಯಾಪಾರಕ್ಕೆ ವಾರ್ಷಿಕ ಸಭೆ ಬರೀ ಮರ್ಯಾದೆಯ ಊಟವಲ್ಲ. ಮೈಲುತುತ್ತ ಮಾರಾಟವಾಗುವುದು ಮಳೆಗಾಲದ ಬಾಗಿಲಲ್ಲಿ, ಮೊದಲ ಔಷಧಿ ಹೊಡೆಯುವ ಹೊತ್ತಿಗೆ. ಆ ಸರಕನ್ನು ಏಪ್ರಿಲ್-ಮೇ ತಿಂಗಳಲ್ಲಿ ಅಂಗಡಿಗೆ ಮುಟ್ಟಿಸಬೇಕಾದರೆ ಜನವರಿಯಿಂದ ಮಾರ್ಚ್‌ವರೆಗೆ ಬುಕಿಂಗ್ ಆಗಬೇಕು. ಎಷ್ಟು ಮುಂಗಡ ಕೊಟ್ಟರೆ ಎಷ್ಟು ರಿಯಾಯಿತಿ ಎಂಬ ಸ್ಕೀಮನ್ನು ಡೀಲರ್ ಎದುರಿಗೆ ಕೂತು ಕೇಳಿ, ಅಲ್ಲೇ ಪ್ರಶ್ನೆ ಎತ್ತಿ, ಪಕ್ಕದ ಊರಿನ ಡೀಲರ್ ಏನು ಮಾಡುತ್ತಾನೆ ಎಂದು ನೋಡಿದರೆ ಬುಕಿಂಗ್ ಬೇಗ ಬರುತ್ತದೆ. ಸ್ಕೀಮ್ ಹಾಳೆಯನ್ನು ಬರೀ ಕಳಿಸಿಕೊಟ್ಟರೆ ಅದು ಗಲ್ಲಾಪೆಟ್ಟಿಗೆಯ ಕೆಳಗೆ ಮಲಗುತ್ತದೆ.

ಮೊದಲ ವರ್ಷ ಆದದ್ದು

ಮೊದಲ ಸಭೆ ಶಿರಸಿಯಲ್ಲೇ, ನವೆಂಬರ್ ಕೊನೆಯ ಒಂದು ಶನಿವಾರ. ಒಂದು ಚೆಂದದ ಚಿತ್ರ ಮಾಡಿಸಿ 86 ಅಂಗಡಿಗಳಿಗೂ ವಾಟ್ಸಾಪ್‌ನಲ್ಲಿ ಕಳಿಸಿದರು. 61 ಕಡೆಯಿಂದ ಉತ್ತರ ಬಂತು. ಕೆಲವರು ಕೈಮುಗಿದ ಚಿತ್ರ ಹಾಕಿದರು, ಕೆಲವರು 'ಬರ್ತೇವೆ' ಅಂದರು, ಒಂದಿಷ್ಟು ಮಂದಿ 'ನೋಡ್ವ', ಅಂದರೆ ನೋಡೋಣ, ಎಂದು ಬರೆದರು. ಎಲ್ಲವನ್ನೂ 'ಬರುತ್ತಾರೆ' ಎಂಬ ಕಲಮಿನಲ್ಲಿ ಸೇರಿಸಿ, ಅಂಗಡಿಗೆ ಇಬ್ಬರಂತೆ ಹಿಡಿದು, 120 ಜನರ ಅಡುಗೆ ಹೇಳಿದರು. ಬಂದದ್ದು 34 ಅಂಗಡಿಗಳಿಂದ 43 ಜನ. ಅದರಲ್ಲೂ ಮೂರು ಅಂಗಡಿಯವರು ಉತ್ತರವನ್ನೇ ಕೊಟ್ಟಿರಲಿಲ್ಲ, ಸುಮ್ಮನೆ ಬಂದಿದ್ದರು. ಅಂದರೆ ಉತ್ತರ ಕೊಟ್ಟ 61ರಲ್ಲಿ ಬಂದವರು 31.

ಮಿಕ್ಕ ಅನ್ನ-ಹುಳಿಯ ಖರ್ಚು ಸಣ್ಣದು. ದೊಡ್ಡ ಪೆಟ್ಟು ಬೇರೆ ಇತ್ತು. ಸಂಸ್ಥೆಯ 12 ದೊಡ್ಡ ಡೀಲರ್‌ಗಳಲ್ಲಿ ಬಂದವರು ಮೂವರೇ. ಮೇಲಾಗಿ ಅತಿಥಿಗಳ ಭಾಷಣ 50 ನಿಮಿಷ ಎಳೆದು, ಸ್ಕೀಮ್ ಹೇಳುವ ಹೊತ್ತಿಗೆ ನಾಲ್ಕು ಗಂಟೆಯಾಗಿತ್ತು. ಕರಾವಳಿಯಿಂದ ಬಂದವರು ಕತ್ತಲಾಗುವ ಮೊದಲು ಘಟ್ಟ ಇಳಿಯಬೇಕೆಂದು ಅಷ್ಟರಲ್ಲಿ ಎದ್ದು ಹೋಗಿದ್ದರು. ಯಾವ ಮಾತಿಗಾಗಿ ಸಭೆ ಕರೆದದ್ದೋ ಅದನ್ನು ಕೇಳಿದವರು ಇಪ್ಪತ್ತು ಚಿಲ್ಲರೆ ಜನ.

ಬಾರದವರನ್ನು ಕೇಳಿದಾಗ

ಎರಡನೇ ವರ್ಷದ ತಯಾರಿ ಶುರುವಾದದ್ದು ಸಭಾಭವನ ಹುಡುಕುವುದರಿಂದಲ್ಲ. ಬಾರದ ಒಂಬತ್ತು ದೊಡ್ಡ ಡೀಲರ್‌ಗಳ ಅಂಗಡಿಗೆ ಸಂಸ್ಥೆಯ ಯಜಮಾನರೇ ಹೋದರು. 'ಯಾಕೆ ಬರಲಿಲ್ಲ' ಎಂದು ಕೇಳದೆ, ಈ ಸಲ ಎಲ್ಲಿ, ಯಾವಾಗ ಇಟ್ಟರೆ ಅನುಕೂಲ ಎಂದು ಕೇಳಿದರು. ಹಾಗೆ ಕೇಳಿದ್ದಕ್ಕೇ ಕಾರಣಗಳು ತಾವಾಗಿ ಹೊರಬಂದವು.

ಒಂಬತ್ತರಲ್ಲಿ ಆರು ಅಂಗಡಿಗಳ ಬಾಕಿ ಅವಧಿ ಮೀರಿತ್ತು. ಅಡಿಕೆ ಕೊಯ್ಲು ಅಕ್ಟೋಬರ್-ನವೆಂಬರ್‌ನಲ್ಲಿ ಶುರುವಾದರೂ, ಸುಲಿದು, ಬೇಯಿಸಿ, ಒಣಗಿಸಿ ಮಾರಿ ಬೆಳೆಗಾರನ ಕೈಗೆ ದುಡ್ಡು ಬರಬೇಕು. ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ಸಗಟು ಸಂಸ್ಥೆಗೆ. ನವೆಂಬರ್‌ನಲ್ಲಿ ಆ ಸರಪಳಿ ಇನ್ನೂ ಮೊದಲ ಕೊಂಡಿಯಲ್ಲೇ ಇರುತ್ತದೆ. ಹತ್ತು ಜನರೆದುರು 'ನಿಮ್ಮದು ಸ್ವಲ್ಪ ಬಾಕಿ ಇದೆ' ಎಂದು ಯಾರಾದರೂ ಅಂದುಬಿಟ್ಟರೆ ಎಂಬ ಅಳುಕಿನಿಂದ ಅವರು ಬಂದಿರಲಿಲ್ಲ. ಸಂಸ್ಥೆಗೆ ಹಾಗೆ ಕೇಳುವ ಉದ್ದೇಶವೇ ಇರಲಿಲ್ಲ. ಆದರೆ ಕೇಳುವುದಿಲ್ಲ ಎಂದು ಯಾರೂ ಹೇಳಿಯೂ ಇರಲಿಲ್ಲ.

ಏಳನೆಯವರದು ಒಬ್ಬರೇ ನಡೆಸುವ ಅಂಗಡಿ, ಶನಿವಾರ ಅವರಿಗೆ ವಾರದ ದೊಡ್ಡ ವ್ಯಾಪಾರ. ಎಂಟನೆಯ ಕಡೆ ಕರೆ ಹೋದದ್ದು ಎರಡು ವರ್ಷದ ಹಿಂದೆ ತೀರಿಕೊಂಡ ತಂದೆಯ ಹೆಸರಿಗೆ. ಬಿಲ್ಲಿಂಗ್ ತಂತ್ರಾಂಶದಲ್ಲಿ ಇನ್ನೂ ಆ ಹೆಸರೇ ಇತ್ತು. ಮಗ ಏನೂ ಅನ್ನಲಿಲ್ಲ, ಬರಲೂ ಇಲ್ಲ. ಒಂಬತ್ತನೆಯ ಅಂಗಡಿಯಲ್ಲಿ ಅಣ್ಣತಮ್ಮಂದಿರು ಪಾಲಾಗಿದ್ದರು. ಸಂದೇಶ ಹೋದ ನಂಬರು ಅಣ್ಣನದು, ವ್ಯವಹಾರ ನಡೆಸುವವನು ತಮ್ಮ.

ಇದೆಲ್ಲ ತಿಳಿದ ಮೇಲೆ ಮೊದಲು ಪಟ್ಟಿಯನ್ನೇ ಸೋಸಿದರು. ಪ್ರತಿ ಸೇಲ್ಸ್‌ಮನ್ ತನ್ನ ಲೈನಿನ ಅಂಗಡಿಗಳ ಹಾಳೆ ಹಿಡಿದು ನಾಲ್ಕು ಸಂಗತಿ ಬರೆದು ತಂದ: ಈಗ ಅಂಗಡಿಯಲ್ಲಿ ತೀರ್ಮಾನ ಮಾಡುವವರು ಯಾರು, ಅವರನ್ನು ಊರಲ್ಲಿ ಕರೆಯುವ ಹೆಸರು, ಅವರದೇ ಫೋನ್ ನಂಬರು, ಜೊತೆಗೆ ಬರಬಹುದಾದ ಇನ್ನೊಬ್ಬರು. ಐದು ಅಂಗಡಿ ಮುಚ್ಚಿದ್ದವು ಇಲ್ಲವೇ ಬೇರೆಯದರ ಜೊತೆ ಸೇರಿದ್ದವು. ಎರಡರ ಮೇಲೆ ಚೆಕ್ ಕೇಸು ನಡೆಯುತ್ತಿತ್ತು, ಅವನ್ನು ಬಿಟ್ಟರು. ಉಳಿದದ್ದು 79. ಅದರಲ್ಲಿ ತೀರಿಕೊಂಡವರ ಅಥವಾ ವ್ಯವಹಾರ ಬಿಟ್ಟವರ ಹೆಸರಲ್ಲೇ ಇದ್ದ ಖಾತೆಗಳು ಏಳು! ಕರೆಯೋಲೆಯ ಪಟ್ಟಿಯನ್ನು ಲೆಕ್ಕದ ಪುಸ್ತಕದಿಂದ ನೇರ ಇಳಿಸಿದರೆ ಇಂಥದ್ದು ಎಲ್ಲ ಸಂಸ್ಥೆಗಳಲ್ಲೂ ಸಿಗುತ್ತದೆ. ಜಿಎಸ್‌ಟಿಯ ಹೆಸರು ಬೇರೆ, ಗಲ್ಲಾದ ಮೇಲೆ ಕೂತವರ ಹೆಸರು ಬೇರೆ.

ದಿನ ಮತ್ತು ಜಾಗ

ದಿನ ಆರಿಸಲು ಪಂಚಾಂಗ ಮತ್ತು ಅಡಿಕೆ ಎರಡನ್ನೂ ಮುಂದಿಟ್ಟುಕೊಂಡರು. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಮದುವೆ-ಮುಂಜಿ ಇಲ್ಲ, ಹಾಗಾಗಿ ಸಭಾಭವನ ಖಾಲಿ ಸಿಗುತ್ತದೆ, ಅಡುಗೆಯವರೂ ಸಿಗುತ್ತಾರೆ, ಡೀಲರ್‌ಗೂ 'ಆ ದಿನ ಮದುವೆ ಇದೆ' ಎನ್ನುವ ಕಾರಣ ಇರುವುದಿಲ್ಲ. ಆದರೆ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಗೋಕರ್ಣ, ಮುರ್ಡೇಶ್ವರದ ಸುತ್ತ ಪ್ರವಾಸಿಗರಿಂದ ರೂಮು ಸಿಗುವುದು ಕಷ್ಟ, ಹೆದ್ದಾರಿಯೂ ತುಂಬಿರುತ್ತದೆ. ಹಾಗಾಗಿ ಉಳಿದದ್ದು ಜನವರಿಯ ಮೊದಲ ಹನ್ನೆರಡು ದಿನ. ಫೆಬ್ರುವರಿ ಆಗಲಿ ಎಂದವರಿದ್ದರು. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆ ಫೆಬ್ರುವರಿ-ಮಾರ್ಚ್‌ನಲ್ಲಿ ಬೀಳುವುದರಿಂದ ಪ್ರತಿ ವರ್ಷಕ್ಕೂ ಒಂದೇ ವಾರ ಗೊತ್ತು ಮಾಡಿಕೊಳ್ಳಲು ಆ ತಿಂಗಳು ಒದಗುವುದಿಲ್ಲ.

ವಾರ ಆರಿಸುವಾಗ ಮೀನೂ ಲೆಕ್ಕಕ್ಕೆ ಬಂತು. ಕರಾವಳಿಯ ಡೀಲರ್‌ಗಳನ್ನು ಕರೆದು ಮೀನಿಲ್ಲದ ಊಟ ಹಾಕಿದರೆ ಅವರು ಉಣ್ಣುತ್ತಾರೆ, ಆದರೆ ಮರುವರ್ಷ ನೆನಪಿಡುತ್ತಾರೆ. ಸೋಮವಾರ, ಶನಿವಾರ ಮೀನು ಮುಟ್ಟದವರು ಬಹಳ. ಭಾನುವಾರ ಕಾರವಾರದ ಸಂತೆ. ಕೊನೆಗೆ ಏಕಾದಶಿ ಅಲ್ಲದ ಒಂದು ಗುರುವಾರ ನಿಂತಿತು.

ಜಾಗಕ್ಕೆ ಶಿರಸಿ, ಕಾರವಾರ, ಕುಮಟಾ ಮೂರೂ ಚರ್ಚೆಯಲ್ಲಿದ್ದವು. ಕಾರವಾರ ಜಿಲ್ಲಾ ಕೇಂದ್ರವಾದರೂ ಭೂಪಟದ ಮೂಲೆ. ಶಿರಸಿಯವರಿಗೆ 120 ಕಿಲೋಮೀಟರ್ ಆಸುಪಾಸು. ಕುಮಟಾ ಶಿರಸಿಗೆ ಸುಮಾರು 60, ಕಾರವಾರಕ್ಕೆ ಸುಮಾರು 70, ಭಟ್ಕಳಕ್ಕೆ ಸುಮಾರು 60. ಯಾರಿಗೂ ತೀರ ಹತ್ತಿರವಲ್ಲ, ಬಹಳ ಮಂದಿಗೆ ಎರಡು ಗಂಟೆಯ ಒಳಗೆ. 'ಶಿರಸಿಯವರು ಶಿರಸಿಯಲ್ಲೇ ಇಡುತ್ತಾರೆ' ಎಂಬ ಕರಾವಳಿಯವರ ಗೊಣಗಾಟಕ್ಕೂ ಉತ್ತರವಾಯಿತು. ಹಳಿಯಾಳ, ದಾಂಡೇಲಿ, ಜೋಯಿಡಾದವರಿಗೆ ಮಾತ್ರ ದೂರ ಹೆಚ್ಚಾಗುವುದರಿಂದ ಹಿಂದಿನ ರಾತ್ರಿಗೆ ರೂಮು ಹಿಡಿದರು.

ಒಂದು ಅಪಾಯವಿತ್ತು. ಶಿರಸಿ-ಕುಮಟಾ ರಸ್ತೆ ದೇವಿಮನೆ ಘಟ್ಟದ ಮೇಲೆ ಹೋಗುತ್ತದೆ. ಅಗಲೀಕರಣದ ಕಾಮಗಾರಿ ಇದ್ದಾಗ ಅಲ್ಲಿ ವಾಹನ ಸಂಚಾರ ನಿರ್ಬಂಧಿಸುವುದುಂಟು. ಜಾಗ ಗೊತ್ತು ಮಾಡುವ ಮೊದಲೇ ಬದಲಿ ದಾರಿ ಬರೆದಿಟ್ಟರು: ಬಸ್ಸಾದರೆ ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳಿದು ಅಂಕೋಲಾ, ಸಣ್ಣ ಗಾಡಿಯಾದರೆ ಸಿದ್ದಾಪುರದ ಮೇಲೆ ದೊಡ್ಮನೆ ಘಟ್ಟ. ಸಭೆಗೆ ಮೂರು ದಿನ ಮೊದಲು ರಸ್ತೆಯ ಸ್ಥಿತಿ ವಿಚಾರಿಸಿ ಯಾವ ದಾರಿ ಎಂದು ತೀರ್ಮಾನಿಸುವ ಕೆಲಸವನ್ನು ಒಬ್ಬರ ಹೆಸರಿಗೇ ಬರೆದರು. ಆ ಸಲ ದೇವಿಮನೆ ತೆರೆದಿತ್ತು.

ಸಭಾಭವನ ನೋಡಲು ಹೋದವರು ಕುರ್ಚಿ ಎಣಿಸಲಿಲ್ಲ, ಊಟದ ಕೋಣೆ ಎಷ್ಟು ಎಂದು ಕೇಳಿದರು. ಘಟ್ಟದ ಮೇಲಿನ ಡೀಲರ್‌ಗಳಲ್ಲಿ ಬಹಳಷ್ಟು ಮಂದಿ ಹವ್ಯಕರು. ಪಕ್ಕದ ಟೇಬಲ್ಲಿನಲ್ಲಿ ಮೀನು ಹುರಿಯುತ್ತಿದ್ದರೆ ಅವರು ಎಲೆಯ ಮುಂದೆ ಕೂರುವುದೇ ಇಲ್ಲ, 'ಹಸಿವಿಲ್ಲ' ಎಂದು ಮಜ್ಜಿಗೆ ಕುಡಿದು ಏಳುತ್ತಾರೆ. ಆರಿಸಿದ ಭವನದಲ್ಲಿ ಎರಡು ಊಟದ ಕೋಣೆ ಎರಡು ದಿಕ್ಕಿಗಿದ್ದವು, ಅಡುಗೆ ಒಲೆಗಳೂ ಬೇರೆ ಬೇರೆ. ಸಸ್ಯಾಹಾರಕ್ಕೆ ಶಿರಸಿಯ ಅಡುಗೆ ಭಟ್ಟರು, ಮೀನೂಟಕ್ಕೆ ಕುಮಟಾದವರೇ ಒಬ್ಬರು.

ಕರೆಯೋಲೆ ಮತ್ತು ಚೀಟಿ

ಮದುವೆಗೆ ಮನೆಗೇ ಹೋಗಿ ಹೇಳಿಕೆ ಮಾಡುವ ಸೀಮೆ ಇದು. ಫೋನಿನಲ್ಲಿ ಬಂದ ಚಿತ್ರವನ್ನು ಇಲ್ಲಿನವರು ಕರೆ ಎಂದು ಎಣಿಸುವುದಿಲ್ಲ, ಸುದ್ದಿ ಎಂದು ಎಣಿಸುತ್ತಾರೆ. 45 ದಿನ ಮೊದಲು ಸೇಲ್ಸ್‌ಮನ್‌ಗಳು ಬಾಯಿಮಾತಿನಲ್ಲಿ ದಿನ ತಿಳಿಸಿದರು, ಉತ್ತರ ಕೇಳಲಿಲ್ಲ. 30 ದಿನ ಮೊದಲು ಸರಕಿನ ಗಾಡಿಯ ಜೊತೆ ಹೋದ ಸೇಲ್ಸ್‌ಮನ್ ಅಚ್ಚು ಹಾಕಿದ ಪತ್ರವನ್ನು ಡೀಲರ್ ಕೈಗೇ ಕೊಟ್ಟ. ಲಕೋಟೆಯ ಮೇಲೆ ಹೆಸರು ಕೈಬರಹದಲ್ಲಿತ್ತು. 12 ದೊಡ್ಡ ಡೀಲರ್‌ಗಳಿಗೆ ಪತ್ರ ಕೊಟ್ಟವರು ಯಜಮಾನರು. ಪತ್ರ ಹೀಗಿತ್ತು:

> ಶ್ರೀ ________ ಅವರಿಗೆ, ಸಪ್ರೇಮ ನಮಸ್ಕಾರಗಳು.
>
> ನಮ್ಮ ಈ ವರ್ಷದ ಡೀಲರ್ ಸಭೆಯನ್ನು ಜನವರಿ __, ಗುರುವಾರ ಬೆಳಿಗ್ಗೆ 10:30ಕ್ಕೆ ಕುಮಟಾದ ________ ಸಭಾಭವನದಲ್ಲಿ ಇಟ್ಟುಕೊಂಡಿದ್ದೇವೆ. ಮುಂಗಡ ಬುಕಿಂಗ್ ಸ್ಕೀಮನ್ನು 12:15ಕ್ಕೆ ತಿಳಿಸುತ್ತೇವೆ. 1 ಗಂಟೆಗೆ ಊಟ. 3:15ಕ್ಕೆ ಸಭೆ ಮುಗಿದು 3:30ಕ್ಕೆ ವಾಹನಗಳು ಹೊರಡುತ್ತವೆ.
>
> ಹಳೆಯ ಬಾಕಿಯ ವಿಷಯವನ್ನು ಸಭೆಯಲ್ಲಿ ಯಾರೂ ಎತ್ತುವುದಿಲ್ಲ.
>
> ತಾವು, ಅಂಗಡಿಯ ವ್ಯವಹಾರ ನೋಡಿಕೊಳ್ಳುವ ಇನ್ನೊಬ್ಬರನ್ನು ಕರೆದುಕೊಂಡು ಬರಬೇಕೆಂದು ಕೋರಿಕೆ. ಕೆಳಗಿನ ಚೀಟಿ ತುಂಬಿ ಡಿಸೆಂಬರ್ 28ರೊಳಗೆ ನಮ್ಮ ಸೇಲ್ಸ್‌ಮನ್ ಕೈಗೆ ಕೊಡಿ.

ಬಾಕಿಯ ಸಾಲನ್ನು ಹಾಕಬೇಕೋ ಬೇಡವೋ ಎಂದು ಒಂದು ದಿನ ವಾದವಾಯಿತು. ಹಾಗೆ ಬರೆದರೆ ಬಾಕಿ ಇಲ್ಲದವರಿಗೂ ಮುಜುಗರ, ಬಾಕಿ ಇದ್ದವರಿಗೆ ಸಲಿಗೆ ಎಂದು ಲೆಕ್ಕದವರು ತಡೆದರು. ಆರು ಜನರ ಅಳುಕು ಬಾಯಿಮಾತಿನಿಂದ ಹೋಗುವುದಿಲ್ಲ, ಅಚ್ಚಿನಲ್ಲಿ ಕಂಡರೆ ಹೋಗುತ್ತದೆ ಎಂದು ಯಜಮಾನರು ಉಳಿಸಿಕೊಂಡರು. ಇಡೀ ಪತ್ರದಲ್ಲಿ ಕೆಲಸ ಮಾಡಿದ ಸಾಲು ಅದೇ ಎಂದು ಆಮೇಲೆ ಗೊತ್ತಾಯಿತು.

ಪತ್ರದ ಕೆಳಗೆ ಹರಿದು ಕೊಡುವ ಚೀಟಿ. ಅದರಲ್ಲಿ 'ಬರುತ್ತೀರಾ' ಎಂಬ ಪ್ರಶ್ನೆಯೇ ಇರಲಿಲ್ಲ, ಬೇಕೆಂದೇ ಬಿಟ್ಟದ್ದು. ಇದ್ದವು ನಾಲ್ಕು ಪ್ರಶ್ನೆ: ಎಷ್ಟು ಜನ, ವಾಹನ ಎಲ್ಲಿ ಹತ್ತುತ್ತೀರಿ ಅಥವಾ ಸ್ವಂತ ಗಾಡಿಯೇ, ಊಟ ಸಸ್ಯಾಹಾರವೋ ಮೀನೂಟವೋ, ಹಿಂದಿನ ರಾತ್ರಿ ರೂಮು ಬೇಕೋ. ಬರುತ್ತೀರಾ ಎಂದು ಎದುರಿಗೆ ನಿಂತು ಕೇಳಿದರೆ ಇಲ್ಲ ಅನ್ನುವುದು ನಮ್ಮ ಕಡೆ ಕಷ್ಟ. ಕರಾವಳಿಯಲ್ಲಿ 'ನೋಡ್ವ', ಶಿರಸಿಯಲ್ಲಿ 'ನೋಡನ'. ಎರಡಕ್ಕೂ ಅರ್ಥ ಮರ್ಯಾದೆಯ 'ಇಲ್ಲ' ಇರಬಹುದು, ನಿಜವಾಗಿಯೂ ನೋಡುತ್ತಾರೆ ಎಂದೂ ಇರಬಹುದು. ಅದೇ, ಯಾವ ಜಾಗದಲ್ಲಿ ಎಷ್ಟು ಗಂಟೆಗೆ ಬಸ್ಸು ಹತ್ತುತ್ತೀರಿ ಎಂದು ಕೇಳಿದಾಗ ಡೀಲರ್ ಮನಸ್ಸಿನಲ್ಲೇ ಆ ಬೆಳಗನ್ನು ಜೋಡಿಸಬೇಕಾಗುತ್ತದೆ. ಅಂಗಡಿಯ ಬಾಗಿಲು ಯಾರು ತೆಗೆಯುತ್ತಾರೆ, ಕೊಟ್ಟಿಗೆ ಯಾರು ನೋಡುತ್ತಾರೆ ಎಂದು ಯೋಚಿಸಿ ಜಾಗದ ಹೆಸರು ಬರೆದನೆಂದರೆ ಬರುತ್ತಾನೆ. ಬರಲಾಗದವನು ಆ ಪ್ರಶ್ನೆಯ ಮುಂದೆಯೇ ನಿಂತು 'ಈ ಸಲ ಆಗುವುದಿಲ್ಲ ಮಾರಾಯ್ರೆ' ಎಂದು ಸಲೀಸಾಗಿ ಹೇಳುತ್ತಾನೆ.

ಗಡುವು ಮುಗಿದಾಗ 58 ಅಂಗಡಿಗಳ ಚೀಟಿ ಕೈಸೇರಿತ್ತು. 33 ಕಡೆಯಿಂದ ಒಬ್ಬೊಬ್ಬರು, 25 ಕಡೆಯಿಂದ ಇಬ್ಬಿಬ್ಬರು, ಒಟ್ಟು 83 ಜನ. ಉಳಿದ 21 ಅಂಗಡಿಗೆ ಗುಮಾಸ್ತರ ಬದಲು ಯಜಮಾನರು ಮತ್ತು ಮ್ಯಾನೇಜರ್ ಹಂಚಿಕೊಂಡು ಫೋನ್ ಮಾಡಿದರು. ಒಂಬತ್ತು ಮಂದಿ ಆಗುವುದಿಲ್ಲ ಎಂದರು, ಏಳು ಮಂದಿ 'ನೋಡ್ವ', ಐವರು ಎತ್ತಲಿಲ್ಲ.

ಅಡುಗೆಯವರಿಗೆ ಕೊಟ್ಟ ಸಂಖ್ಯೆ

ಇಲ್ಲಿ ಮೊದಲ ವರ್ಷದ ಕಹಿ ಉಪಯೋಗಕ್ಕೆ ಬಂತು. ಹತ್ತು ದಿನ ಮೊದಲು ಅಡುಗೆಯವರಿಗೆ ಖಚಿತ ಸಂಖ್ಯೆ ಕೊಡಬೇಕಿತ್ತು. ಆ ಸಂಖ್ಯೆಗೆ ಜನ ಬಂದರೂ ಬಾರದಿದ್ದರೂ ಹಣ ಕೊಡಬೇಕು. ಚೀಟಿ ಕೊಟ್ಟವರಲ್ಲಿ ಹತ್ತಕ್ಕೆ ಒಬ್ಬರು ಜ್ವರ, ಸೂತಕ, ಕೊಯ್ಲಿನ ಆಳು ಅದೇ ದಿನ ಬರುವುದು ಇಂಥ ಕಾರಣಕ್ಕೆ ತಪ್ಪಬಹುದೆಂದು ಹಿಡಿದರು. ಹಾಗಾದರೆ 83ರಲ್ಲಿ ಬರುವವರು ಸುಮಾರು 75. ವಾಟ್ಸಾಪ್‌ನಲ್ಲಿ ಉತ್ತರ ಕೊಟ್ಟವರಲ್ಲಿ ಹಿಂದಿನ ವರ್ಷ ಅರ್ಧದಷ್ಟು ಮಂದಿ ಬಂದಿದ್ದರು. 'ನೋಡ್ವ' ಅಂದ ಏಳರಿಂದ ಅರ್ಧಕ್ಕಿಂತ ತುಸು ಕಡಿಮೆ, ಮೂವರು. ಸಂಸ್ಥೆಯವರು 11, ಕಂಪನಿಗಳ ಪ್ರತಿನಿಧಿಗಳು 4, ಚಾಲಕರು 4, ಸೇರಿ 19. ಒಟ್ಟು 97.

ಅಡುಗೆಯವರಿಗೆ ಹೇಳಿದ್ದು 95 ಖಚಿತ, 105ರವರೆಗೆ ಸುಧಾರಿಸಬೇಕು ಎಂದು. ಚಾಲಕರನ್ನು ಊಟದ ಲೆಕ್ಕದಲ್ಲಿ ಮರೆಯುವುದು ಎಲ್ಲ ಕಡೆ ಆಗುವ ತಪ್ಪು, ಮತ್ತು ಅವರೇ ನಾಲ್ಕು ಗಂಟೆಗೆ ಘಟ್ಟ ಹತ್ತಿಸಬೇಕಾದವರು.

ಮೂರು ದಿನ ಮೊದಲು ಪ್ರತಿಯೊಬ್ಬರಿಗೂ ಅವರ ವಾಹನ, ಹತ್ತುವ ಜಾಗ, ಸಮಯ, ಚಾಲಕರ ನಂಬರು ಇರುವ ಸಂದೇಶ ಹೋಯಿತು. ವಾಟ್ಸಾಪ್ ಬಳಸಿದ್ದು ಅದೊಂದೇ ಕೆಲಸಕ್ಕೆ. ಹಿಂದಿನ ಸಂಜೆ ಆಯಾ ವಾಹನದ ಜವಾಬ್ದಾರಿ ಹೊತ್ತ ಸೇಲ್ಸ್‌ಮನ್ 'ನಾಳೆ ಬೆಳಿಗ್ಗೆ ಇಷ್ಟು ಹೊತ್ತಿಗೆ ಇಂಥಲ್ಲಿ ಇರ್ತೇನೆ' ಎಂದು ಫೋನ್ ಮಾಡಿದ. ಆ ಸಂಜೆಯ ಫೋನಿನಲ್ಲೇ ಐವರು ಬರಲಾಗದ್ದನ್ನು ತಿಳಿಸಿದರು.

ಆ ದಿನ

ವಾಹನಗಳು ನಾಲ್ಕು. ಶಿರಸಿಯಿಂದ ಮಿನಿ ಬಸ್ಸು, ಯಲ್ಲಾಪುರದಿಂದ ಅರಬೈಲ್ ಇಳಿದು ಬರುವ ಟೆಂಪೊ ಟ್ರಾವೆಲರ್, ಕಾರವಾರ-ಅಂಕೋಲಾ ಕಡೆಯಿಂದ ಒಂದು, ಭಟ್ಕಳ-ಹೊನ್ನಾವರದಿಂದ ಒಂದು. ಸಿದ್ದಾಪುರದವರನ್ನು ಮೊದಲು ಶಿರಸಿಗೆ ಕರೆಸಿ ಬಸ್ಸಿಗೆ ಹತ್ತಿಸುವ ಯೋಚನೆ ಇತ್ತು. ದೊಡ್ಮನೆ ಘಟ್ಟದಲ್ಲಿ ನೇರ ಇಳಿಯುವುದು ಬಿಟ್ಟು ಸುತ್ತು ಯಾಕೆ ಎಂದು ಅವರೇ ಚೀಟಿಯ ಮೇಲೆ ಬರೆದಿದ್ದರು. ಅವರಿಗೆ ಸ್ವಂತ ಕಾರಿನ ಪೆಟ್ರೋಲ್ ಕೊಟ್ಟರು.

ತಡವಾದದ್ದು ಶಿರಸಿಯ ಬಸ್ಸು. ಸಂದೇಶದಲ್ಲಿ 'ಶಿರಸಿ ಬಸ್ ಸ್ಟ್ಯಾಂಡ್, 7:15' ಎಂದಿತ್ತು. ಶಿರಸಿಯಲ್ಲಿ ಹಳೆ ಬಸ್ ಸ್ಟ್ಯಾಂಡ್ ಬೇರೆ, ಹೊಸ ಬಸ್ ಸ್ಟ್ಯಾಂಡ್ ಬೇರೆ. ಊರವರೇ ಬರೆದ ಸಂದೇಶದಲ್ಲಿ ಊರವರಿಗೇ ಇದು ಹೊಳೆಯಲಿಲ್ಲ. ಬಸ್ಸು ಹೊಸದರಲ್ಲಿ, ಐದು ಜನ ಹಳೆಯದರಲ್ಲಿ. ಫೋನಾಗಿ, ತಿರುಗಿ ಬಂದು, ಹೊರಡುವಾಗ 7:40. ಘಟ್ಟದ ತಿರುವಿನಲ್ಲಿ ಇಬ್ಬರಿಗೆ ವಾಂತಿಯಾಗಿ ಮತ್ತೆ ಹತ್ತು ನಿಮಿಷ ಹೋಯಿತು. ಕುಮಟಾ ತಲುಪಿದಾಗ ಹತ್ತು ಗಂಟೆ. ಆದರೆ ಹತ್ತರಿಂದ ಹತ್ತೂವರೆವರೆಗೆ ಚಹಾ, ಇಡ್ಲಿ, ಒಗ್ಗರಣೆ ಅವಲಕ್ಕಿ ಎಂದು ಇಟ್ಟಿದ್ದ ಅರ್ಧ ಗಂಟೆ ಆ ತಡವನ್ನು ನುಂಗಿಕೊಂಡಿತು. 10:45ಕ್ಕೆ ಸಭೆ ಶುರುವಾಯಿತು, ಕಾಲು ಗಂಟೆ ಮಾತ್ರ ತಡ.

ಕಾರ್ಯಕ್ರಮದಲ್ಲಿ ಮುಖ್ಯ ಅತಿಥಿ ಇರಲಿಲ್ಲ. ಸ್ವಾಗತ ಐದು ನಿಮಿಷ. ಹಿಂದಿನ ಹಂಗಾಮಿನಲ್ಲಿ ಯಾವ ಸರಕು ತಡವಾಗಿ ಬಂತು, ಯಾಕೆ ಎಂಬುದನ್ನು ಮ್ಯಾನೇಜರ್ ಇಪ್ಪತ್ತು ನಿಮಿಷ ಹೇಳಿದರು. ಅಂಗಳದಲ್ಲಿ ಹೊಸ ಪಂಪನ್ನು ಬಿಚ್ಚಿ, ಜೋಡಿಸಿ, ಓಡಿಸಿ ತೋರಿಸಿದರು. ವಾಷರ್ ಯಾಕೆ ಬೇಗ ಸವೆಯುತ್ತದೆ ಎಂದು ಡೀಲರ್‌ಗಳು ಕಂಪನಿಯವನನ್ನು ಅಲ್ಲೇ ಹಿಡಿದರು. 12:15ರ ಸ್ಕೀಮ್ 12:25ಕ್ಕೆ ಬಂತು. ಊಟದ ನಂತರ ವೇದಿಕೆಯ ಕಾರ್ಯಕ್ರಮ ಏನೂ ಇಲ್ಲ. ಬದಿಯ ಕೋಣೆಯಲ್ಲಿ ಒಂದು ಟೇಬಲ್, ಲೆಕ್ಕ ನೋಡಬೇಕೆನಿಸಿದವರು ತಾವಾಗಿ ಹೋಗಬಹುದು, ಒಬ್ಬೊಬ್ಬರೇ, ಬಾಗಿಲು ಹಾಕಿಕೊಂಡು. ಯಾರನ್ನೂ ಕರೆಯಲಿಲ್ಲ. ಹೋದವರು ಹದಿನಾಲ್ಕು ಜನ. ಅವಧಿ ಮೀರಿದ ಬಾಕಿಯಿದ್ದ ಆ ಆರು ದೊಡ್ಡ ಡೀಲರ್‌ಗಳಲ್ಲಿ ಸಭೆಗೆ ಬಂದ ನಾಲ್ವರೂ ಅದರಲ್ಲಿದ್ದರು, ಯಾವ ತಿಂಗಳು ಎಷ್ಟು ಕೊಡುತ್ತೇವೆ ಎಂದು ತಾವೇ ಬರೆಸಿ ಹೋದರು.

ಎಡವಿದ್ದು ಮೀನೂಟದಲ್ಲಿ. ಚೀಟಿಗಳ ಪ್ರಕಾರ 83ರಲ್ಲಿ 49 ಸಸ್ಯಾಹಾರ, 34 ಮೀನೂಟ. ಮೀನಿನ ಕೋಣೆಗೆ ನಿರೀಕ್ಷೆಗಿಂತ ಹನ್ನೊಂದು ಜನ ಹೆಚ್ಚು ಬಂದರು. ಕೊನೆಯ ಪಂಕ್ತಿಗೆ ಹುರಿದ ಬಂಗಡೆ ಮುಗಿದು, ಬರೀ ಸಾರಿನಲ್ಲಿ ಊಟವಾಯಿತು. ವಿಚಾರಿಸಿದಾಗ ತಿಳಿದದ್ದು: ಒಬ್ಬ ಸೇಲ್ಸ್‌ಮನ್ ತನ್ನ ಲೈನಿನ ಚೀಟಿಗಳಲ್ಲಿ ಊಟದ ಸಾಲನ್ನು ಕೇಳದೆ ತಾನೇ ತುಂಬಿದ್ದ, ಮನೆತನದ ಹೆಸರು ನೋಡಿ. ಇನ್ನು ಕೆಲವು ಕಡೆ ಡೀಲರ್ ತಂದೆಯ ಎದುರು ಚೀಟಿ ತುಂಬಿದ್ದರಿಂದ ಸಸ್ಯಾಹಾರಕ್ಕೆ ಗುರುತು ಹಾಕಿದ್ದರು. ಕುಮಟಾ ತಲುಪಿದ ಮೇಲೆ ಮನಸ್ಸು ಬದಲಾಯಿತು.

ಲೆಕ್ಕ ಹೇಗೆ ಕೂಡಿತು

ಚೀಟಿ ಕೊಟ್ಟ 58 ಅಂಗಡಿಗಳಲ್ಲಿ 54 ಬಂದವು, 83 ಜನರಲ್ಲಿ 76. 'ನೋಡ್ವ' ಅಂದ ಏಳರಲ್ಲಿ ಇಬ್ಬರು. ಏನೂ ಹೇಳದೆ ಬಂದವರು ಮೂವರು: ಫೋನ್ ಎತ್ತದಿದ್ದ ಒಬ್ಬರು, ಬರುವ ಡೀಲರ್ ಜೊತೆ ಹೊರಟುಬಂದ ಇಬ್ಬರು ಮಕ್ಕಳು. ಒಟ್ಟು 81 ಜನ, 57 ಅಂಗಡಿ. ಸಂಸ್ಥೆಯ 19 ಸೇರಿ ಊಟ ಮಾಡಿದವರು ಸರಿಯಾಗಿ 100. ಹೇಳಿದ್ದು 95ರಿಂದ 105. ದೊಡ್ಡ 12 ಡೀಲರ್‌ಗಳಲ್ಲಿ ಹತ್ತು ಜನ ಬಂದಿದ್ದರು.

ಗಮನಿಸಬೇಕಾದ ಸಂಗತಿ: ಒಟ್ಟು ಸಂಖ್ಯೆ ಸರಿಹೋಯಿತು, ಮೀನಿನ ಸಂಖ್ಯೆ ತಪ್ಪಿತು, ಎರಡೂ ಒಂದೇ ಚೀಟಿಯಿಂದ ಬಂದವು. ಹತ್ತುವ ಜಾಗದ ಸಾಲನ್ನು ಡೀಲರ್ ಸ್ವತಃ ಯೋಚಿಸಿ ತುಂಬಿದ್ದ. ಊಟದ ಸಾಲನ್ನು ಬೇರೆಯವರು ತುಂಬಿದ್ದರು ಅಥವಾ ಬೇರೆಯವರ ಎದುರು ತುಂಬಬೇಕಾಗಿತ್ತು. ಚೀಟಿಯ ಬೆಲೆ ಕಾಗದದಲ್ಲಿಲ್ಲ, ಯಾರು ಯಾವ ಸ್ಥಿತಿಯಲ್ಲಿ ಬರೆದರು ಎಂಬುದರಲ್ಲಿದೆ.

ತೆರಿಗೆಯ ಒಂದು ಮಾತು, ಇಂಥ ಸಭೆ ಇಡುವವರು ತಿಳಿದಿರಬೇಕಾದ್ದು. ಆದಾಯ ತೆರಿಗೆ ಕಾಯ್ದೆ 1961ಕ್ಕೆ ಸೇರಿದ 194ಆರ್ ಕಲಮು 2022ರ ಜುಲೈ 1ರಿಂದ ಜಾರಿಗೆ ಬಂತು. ವ್ಯವಹಾರದ ಕಾರಣಕ್ಕೆ ಒಬ್ಬ ಡೀಲರ್‌ಗೆ ವರ್ಷಕ್ಕೆ 20,000 ರೂಪಾಯಿಗಿಂತ ಹೆಚ್ಚಿನ ಅನುಕೂಲ ಕೊಟ್ಟರೆ ಶೇಕಡ 10 ಟಿಡಿಎಸ್ ಹಿಡಿಯಬೇಕು ಎಂದಿತು ಅದು. ಸರಕಿನ ಪರಿಚಯ, ಮಾರಾಟದ ತಿಳಿವಳಿಕೆ, ಲೆಕ್ಕ ಹೊಂದಿಸುವುದು ಮುಖ್ಯವಾಗಿರುವ ಡೀಲರ್ ಸಭೆಯ ಖರ್ಚು ಇದರಲ್ಲಿ ಬರುವುದಿಲ್ಲ ಎಂದು ಇಲಾಖೆಯ ಸುತ್ತೋಲೆ ಸ್ಪಷ್ಟಪಡಿಸಿತು. ಗುರಿ ಮುಟ್ಟಿದವರಿಗೆ ಬಹುಮಾನವಾಗಿ ಇಡುವ ಸಭೆ, ವಿಹಾರ, ಮನೆಯವರ ಖರ್ಚು ಮಾತ್ರ ಅನುಕೂಲವೆಂದೇ ಎಣಿಕೆಯಾಗುತ್ತದೆ ಎಂದೂ ಅದು ಹೇಳಿತು. ಸಭೆಯ ಹಿಂದಿನ ಒಂದು ದಿನ, ಮರುದಿನ ಒಂದು ದಿನದ ತಂಗುವಿಕೆಗೆ ಅಡ್ಡಿಯಿರಲಿಲ್ಲ. ಹಳಿಯಾಳದವರಿಗೆ ರೂಮು ಒಂದೇ ರಾತ್ರಿಗೆ ಹಿಡಿದದ್ದು, ಮುರ್ಡೇಶ್ವರ ತೋರಿಸಿಕೊಂಡು ಬರೋಣ ಎಂಬ ಸಲಹೆಯನ್ನು ಬಿಟ್ಟದ್ದು ಇದೇ ಕಾರಣಕ್ಕೆ. ಕಾರ್ಯಕ್ರಮದ ಹಾಳೆ, ಸಹಿ ಪುಸ್ತಕ, ಚೀಟಿಗಳನ್ನು ಒಂದೇ ಫೈಲಿನಲ್ಲಿ ಕಟ್ಟಿಟ್ಟರು.

ಮೂರನೇ ವರ್ಷದ ಚೀಟಿಯಲ್ಲಿ ಊಟದ ಸಾಲು ಇಲ್ಲ. ಹಿಂದಿನ ಸಂಜೆಯ ಫೋನಿನಲ್ಲಿ ಸೇಲ್ಸ್‌ಮನ್ ಡೀಲರ್‌ನನ್ನೇ ಕೇಳುತ್ತಾನೆ, ರಾತ್ರಿ ಎಂಟಕ್ಕೆ ಆ ಸಂಖ್ಯೆ ಕುಮಟಾದ ಅಡುಗೆಯವರಿಗೆ ಮುಟ್ಟುತ್ತದೆ. ಮೀನು ತರುವುದು ಹೇಗೂ ಬೆಳಿಗ್ಗೆಯೇ. ಶಿರಸಿಯ ಜಾಗದ ಮುಂದೆ 'ಹೊಸ ಬಸ್ ಸ್ಟ್ಯಾಂಡ್, ಪ್ರವೇಶದ ಎದುರು' ಎಂದು ಅಚ್ಚಾಗಿದೆ. ಬಾಕಿಯ ಸಾಲು ಹಾಗೇ ಇದೆ. ಬಾರದೆ ಉಳಿದ ಇಬ್ಬರು ದೊಡ್ಡ ಡೀಲರ್‌ಗಳಿಗೆ ಸಭೆಯ ಮರುವಾರ ಯಜಮಾನರು ಸ್ಕೀಮ್ ಹಾಳೆ ಹಿಡಿದು ಹೋದರು. ಒಬ್ಬರು ಚಹಾ ಕೊಟ್ಟು ಬುಕಿಂಗ್ ಬರೆಸಿದರು, ಇನ್ನೊಬ್ಬರು ಚಹಾ ಕೊಟ್ಟು 'ನೋಡ್ವ' ಅಂದರು.